ರೀಲ್‌ಗೆ ರೀಚ್ ಜಾಸ್ತಿ, ವ್ಯಾಪಾರ ಮಾತ್ರ ಇಲ್ಲ, ಯಾಕೆ?

ಪ್ರಶ್ನೆ: ತುಮಕೂರಲ್ಲಿ ನಮ್ದೊಂದು ಚಿಕ್ಕ ಒಡವೆ ಅಂಗಡಿ ಇದೆ. ಇನ್‌ಸ್ಟಾದಲ್ಲಿ ಯಾವ ಪೋಸ್ಟ್ ವರ್ಕ್ ಆಯ್ತು ಅಂತ ಹೆಂಗೆ ತಿಳ್ಕೊಳ್ಳೋದು?

ಉತ್ತರ: ರೀಚ್ ಅಂದ್ರೆ ಎಷ್ಟು ಜನಕ್ಕೆ ಕಾಣಿಸ್ತು ಅಷ್ಟೇ, ಕೊಳ್ಳೋರು ಎಷ್ಟು ಅಂತಲ್ಲ. ಒಂದು ಲೆಕ್ಕ ನೋಡಿ, ಹಾಡು ಹಾಕಿ ಮಾಡಿದ ರೀಲ್‌ಗೆ 18,000 ರೀಚ್, 20 ಸೇವ್ ಬಂತು ಅಂದ್ಕೊಳ್ಳಿ, ಅದೇ ಜುಮ್ಕಿ ಫೋಟೋಗೆ ಗ್ರಾಂ ತೂಕ, ಅಂದಾಜು ರೇಟ್ ಬರ್ದು ಹಾಕಿದ್ದಕ್ಕೆ 1,500 ರೀಚ್, 60 ಸೇವ್. ಎರಡನೇದ್ರಲ್ಲಿ ನೂರಕ್ಕೆ 4 ಜನ ಎತ್ತಿಟ್ಕೊಂಡಿದಾರೆ, ಮೊದಲನೇದ್ರಲ್ಲಿ ಸಾವಿರಕ್ಕೆ ಒಬ್ರು, ಹಂಗಾಗಿ ನನ್ ಪ್ರಕಾರ ಗೆದ್ದಿದ್ದು ಜುಮ್ಕಿನೇ. ನಿಮ್ಮ ಅಕೌಂಟ್ ನೋಡೋರು ಯಾವ ಊರವ್ರು ಅಂತ ಇನ್‌ಸೈಟ್ಸಲ್ಲಿ ನೋಡಿ, ಮುಂಬೈನವ್ರು ತುಮಕೂರಿನ ಎಂ.ಜಿ. ರೋಡಿಗೆ ಓಲೆ ತಗೊಳಕ್ಕೆ ಬರಲ್ವಲ್ಲ!

ಸೇವ್ ಮಾಡಿದವ್ರು ತಕ್ಷಣ ಬರಲ್ಲ, ಮದುವೆನೋ ವರಮಹಾಲಕ್ಷ್ಮಿ ಹಬ್ಬನೋ ಹತ್ರ ಬಂದಾಗ ಫೋನ್ ತೆಗ್ದು ಅಮ್ಮಂಗೆ ತೋರಿಸ್ತಾರೆ, ಅದಕ್ಕೇ ಒಂದೇ ವಾರಕ್ಕೆ ತೀರ್ಮಾನ ಮಾಡ್ಬೇಡಿ.

ಎಷ್ಟು ಜನ ಕ್ಲಿಕ್ ಮಾಡಿದ್ರು ಅಂತ ತಿಳ್ಕೊಳ್ಳಕ್ಕೆ ಸ್ಟೋರಿಯಲ್ಲಿ ವಾಟ್ಸಾಪ್ ಲಿಂಕ್ ಹಾಕಿ, X ಇರೋ ಕಡೆ ನಿಮ್ಮ ನಂಬರ್, ಕೊನೇಲಿ ಡಿಸೈನ್ ಕೋಡ್ ಸೇರಿಸಿ:

```
https://wa.me/91XXXXXXXXXX?text=JUMKI12
```

ಒತ್ತಿದ್ರೆ ಆ ಕೋಡ್ ಮೆಸೇಜ್ ಜಾಗದಲ್ಲಿ ತಾನೇ ಬಂದಿರತ್ತೆ, ಅವ್ರು ಕಳಿಸಿದ್ರೆ ಯಾವ ಸ್ಟೋರಿಯಿಂದ ಬಂದ್ರು ಗೊತ್ತಾಗತ್ತೆ. ಕ್ಲಿಕ್ 30, ಮೆಸೇಜ್ 5 ಅಂದ್ರೆ ಒತ್ತಿ ಸುಮ್ನಾದವ್ರೇ ಜಾಸ್ತಿ.

ಕನ್ವರ್ಷನ್, ಅಂದ್ರೆ ನೋಡಿದವ್ರಲ್ಲಿ ಎಷ್ಟು ಜನ ಕೊಂಡ್ರು ಅನ್ನೋದನ್ನ ಮಾತ್ರ ಆ್ಯಪ್ ಹೇಳಲ್ಲ, ಯಾಕಂದ್ರೆ ದುಡ್ಡು ಕೊಡೋದು ಕೌಂಟರಲ್ಲಿ. "ಏನ್ ನೋಡ್ಕೊಂಡು ಬಂದ್ರಿ ಅಕ್ಕಾ" ಅಂತ ಕೇಳಿ ಬಿಲ್ ಮೇಲೆ ಕೋಡ್ ಬರೀರಿ. ಪಕ್ಕದಲ್ಲಿ ಅವತ್ತಿನ ಚಿನ್ನದ ರೇಟೂ ಇರ್ಲಿ, ರೇಟ್ ಇಳಿದ ದಿನ ಜನ ಬಂದಿದ್ದನ್ನ ಪೋಸ್ಟ್ ಖಾತೆಗೆ ಹಾಕ್ಕೊಂಡು ನಾನು ಒಂದ್ಸಲ ಚೆನ್ನಾಗೇ ಮೋಸ ಹೋಗಿದೀನಿ.