‘ನಿಮಗೆ ಗೊತ್ತೇ ಇದೆಯಲ್ಲ, ಸರ್’

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ; ಇವರನ್ನು ‘ಕ’ ಎಂದು ಕರೆಯುತ್ತೇನೆ. ಒಂದೇ ಸಂಸ್ಥೆಯ ಬಿಲ್ಲಿಂಗ್ ವಿಭಾಗದಲ್ಲಿ 7 ವರ್ಷ ದುಡಿದಿದ್ದ ಅವರು, ಮ್ಯಾನೇಜರ್ ಹುದ್ದೆಯ ಆಂತರಿಕ ಸಂದರ್ಶನದಲ್ಲಿ ಆಯ್ಕೆಯಾಗದೆ, ಅದೇ ದರ್ಜೆಯ ಇನ್ನೊಂದು ಹುದ್ದೆ ತೆರವಾದಾಗ ಸಂದರ್ಶನದ ತಯಾರಿಗೆಂದು ನನ್ನ ಬಳಿ ಬಂದರು. “ಸಂದರ್ಶನ ಸಮಿತಿಯ ಮೂವರಲ್ಲಿ ಇಬ್ಬರು ನನ್ನ ಕೆಲಸವನ್ನು ದಿನವೂ ನೋಡುವವರು. ಆದರೂ ಉದಾಹರಣೆಗಳು ಸಾಲವು ಎಂದು ಬರೆದಿದ್ದಾರೆ” ಎಂಬುದು ಅವರ ಅಳಲು.

ಅಣಕು ಸಂದರ್ಶನ ನಡೆಸಿ, ತಂಡದ ಸಮಸ್ಯೆಯೊಂದನ್ನು ಹೇಗೆ ನಿಭಾಯಿಸಿದಿರಿ ಎಂದು ಕೇಳಿದೆ. “ಹೋದ ವರ್ಷದ ಬ್ಯಾಕ್‌ಲಾಗ್ ವಿಷಯ ನಿಮಗೆ ಗೊತ್ತೇ ಇದೆಯಲ್ಲ, ಸರ್. ನಾವೆಲ್ಲ ಸೇರಿ ಮುಗಿಸಿದೆವು” ಎಂದು ಅರ್ಧ ನಿಮಿಷದಲ್ಲಿ ಮಾತು ನಿಲ್ಲಿಸಿದರು. ಅವರ ಸೋಲಿಗೆ ಕಾರಣ ಇದೇ ಎಂದು ನನಗೆ ಅನಿಸಿತು. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆ ಕೇಳಿ ಉತ್ತರಕ್ಕೆ ಅಂಕ ಕೊಡುವ ಪದ್ಧತಿಯಿದ್ದಲ್ಲಿ, ಬಾಯಿಬಿಟ್ಟು ಹೇಳದ್ದನ್ನು ಪರಿಚಯದ ಮೇಲೆ ತುಂಬಿಕೊಳ್ಳುವುದು ಉಳಿದವರಿಗೆ ಅನ್ಯಾಯವಾಗುತ್ತದೆ. ಆದ್ದರಿಂದ ಎಚ್ಚರದ ಸಮಿತಿ ಹಾಗೆ ಮಾಡುವುದಿಲ್ಲ. ಜೊತೆಗೆ ಸಮಿತಿಗೆ ಗೊತ್ತಿದ್ದದ್ದು ತಪ್ಪಿಲ್ಲದೆ ಬಿಲ್ ಮುಗಿಸುವ ‘ಕ’ ಮಾತ್ರ. ಅವರು ಇನ್ನೊಬ್ಬರಿಂದ ಕೆಲಸ ಮಾಡಿಸಿದ್ದನ್ನು ಯಾರೂ ಹತ್ತಿರದಿಂದ ಕಂಡಿರಲಿಲ್ಲ.

ಮೂವರನ್ನೂ ಅಪರಿಚಿತರೆಂದೇ ಭಾವಿಸಿ, ‘ನಾವು’ ಎಂದ ಕಡೆಯಲ್ಲೆಲ್ಲ ‘ಇದರಲ್ಲಿ ನಾನು ಮಾಡಿದ್ದೇನು’ ಎಂದು ಕೇಳಿಕೊಳ್ಳುವಂತೆ ಸಲಹೆ ನೀಡಿದೆ. ಅದೇ ಉತ್ತರ ಆಗ ಹೀಗಾಯಿತು: “ಬಾಕಿ ಉಳಿದಿದ್ದ 140 ಬಿಲ್‌ಗಳಲ್ಲಿ ಹೆಚ್ಚಿನವು ಒಂದೇ ಬಗೆಯ ತಕರಾರಿನವು ಎಂಬುದನ್ನು ನಾನು ಗುರುತಿಸಿದೆ. ಅವನ್ನು ಇಬ್ಬರು ಹೊಸಬರಿಗೆ ಕೊಟ್ಟು, ಮೊದಲ ಹತ್ತನ್ನು ಅವರ ಪಕ್ಕದಲ್ಲಿ ಕುಳಿತು ಪರಿಶೀಲಿಸಿ, ಬಳಿಕ ದಿನಕ್ಕೊಮ್ಮೆ ಮಾತ್ರ ನೋಡಿದೆ. ಮೂರು ವಾರದಲ್ಲಿ ಬಾಕಿ ತೀರಿತು.”

ಪರಿಚಯಕ್ಕೆ ಇನ್ನೊಂದು ಮುಖವೂ ಇದೆ. ಹಿಂದೊಮ್ಮೆ ಎಲ್ಲವನ್ನೂ ತಾವೇ ಹೊತ್ತುಕೊಂಡು ತಿಂಗಳ ವರದಿಯನ್ನು ‘ಕ’ ತಡಮಾಡಿದ್ದರು. ಸಮಿತಿಯಲ್ಲಿದ್ದ ಒಬ್ಬರಿಗೆ ಅದರಿಂದ ತೊಂದರೆಯಾಗಿತ್ತು. ಅದನ್ನು ಮರೆಮಾಚಬೇಕೆಂಬುದು ‘ಕ’ ಅವರ ಯೋಚನೆ. ಕೆಲಸ ಹಂಚುವ ಕುರಿತ ಪ್ರಶ್ನೆ ಬಂದಾಗ ತಾವೇ ಎರಡು ವಾಕ್ಯಗಳಲ್ಲಿ ಅದನ್ನು ಒಪ್ಪಿಕೊಂಡು, ಆಮೇಲೆ ಬದಲಿಸಿಕೊಂಡ ರೀತಿಯನ್ನು ಹೇಳುವಂತೆ ತಿಳಿಸಿದೆ. ಅದಕ್ಕಿಂತ ಹೆಚ್ಚು ಹೇಳಿದರೆ ಸಮಜಾಯಿಷಿಯಂತೆ ಕೇಳಿಸುತ್ತದೆ.

ನಿನ್ನೆಯವರೆಗಿನ ಸಹೋದ್ಯೋಗಿಗಳನ್ನು ಹೇಗೆ ಮುನ್ನಡೆಸುತ್ತೀರಿ ಎಂಬ ಪ್ರಶ್ನೆಗೆ “ಎಲ್ಲರೂ ನನ್ನ ಸ್ನೇಹಿತರೇ” ಎಂಬ ಉತ್ತರವನ್ನು ಬಿಡಿಸಬೇಕಾಯಿತು. ಅದೇ ಹುದ್ದೆಗೆ ಅರ್ಜಿ ಹಾಕಿದ್ದ ಸಹೋದ್ಯೋಗಿಯೊಬ್ಬರಿದ್ದರು. ಆಯ್ಕೆಯಾದರೆ ಮೊದಲ ವಾರದಲ್ಲೇ ಪ್ರತಿಯೊಬ್ಬರೊಂದಿಗೆ ಪ್ರತ್ಯೇಕವಾಗಿ ಮಾತನಾಡುವುದಾಗಿ, ರಜೆ ಮತ್ತು ಮೌಲ್ಯಮಾಪನದ ವಿಷಯದಲ್ಲಿ ಎಲ್ಲರಿಗೂ ಒಂದೇ ನಿಯಮ ಪಾಲಿಸುವುದಾಗಿ ಅವರು ಉತ್ತರ ಸಿದ್ಧಪಡಿಸಿದರು. ಆ ಸಹೋದ್ಯೋಗಿಯ ಹೆಸರನ್ನು ಮಾತ್ರ ಎತ್ತಕೂಡದೆಂದು ನಾನು ಖಡಾಖಂಡಿತವಾಗಿ ಹೇಳಿದೆ.

ಎರಡನೆಯ ಸಂದರ್ಶನದಲ್ಲಿ ತಡವಾದ ವರದಿಯ ಮಾತು ಬಂದಾಗ, ಅಂದು ತೊಂದರೆಗೊಳಗಾಗಿದ್ದವರೇ “ಈಗ ಆ ವರದಿಯನ್ನು ಯಾರು ಮಾಡುತ್ತಾರೆ?” ಎಂದು ಕೇಳಿದರಂತೆ. ಅದನ್ನು ತಾವು ಕಲಿಸಿಕೊಟ್ಟ ಇಬ್ಬರ ಹೆಸರನ್ನು ‘ಕ’ ಹೇಳಿದರು. ಈ ಬಾರಿ ಹುದ್ದೆ ಅವರಿಗೆ ದೊರೆಯಿತು.