ಗೇರ್‌ಬಾಕ್ಸ್ ಆಚೆಯ ಘರ್ಷಣೆಯನ್ನು ಮೋಟರ್ ಕಡೆಗೆ ತರುವಾಗ N ಇಂದ ಭಾಗಿಸಬೇಕಾ, N² ಇಂದಾನಾ?

ಪ್ರಶ್ನೆ: "ಸರ್ವೋ ಮೋಟರ್‌ಗೆ 20:1 ಗೇರ್‌ಬಾಕ್ಸ್ ಹಾಕಿ ಒಂದು ದುಂಡು ಟೇಬಲ್ ತಿರುಗಿಸ್ತಾ ಇದ್ದೀನಿ. ಲೋಡಿನದೆಲ್ಲಾ N² ಇಂದ ಭಾಗಿಸಿ ಮಾಡೆಲ್ ಮಾಡಿದೆ. ಆದ್ರೆ ಮಾಡೆಲ್ ಹೇಳೋದಕ್ಕಿಂತ ಡ್ರೈವ್ ತೋರಿಸೋ ಟಾರ್ಕ್ ತುಂಬಾ ಜಾಸ್ತಿ. ಎಲ್ಲಿ ತಪ್ಪಿದೆ?"

ಇನರ್ಷಿಯಾಗೆ ನೀವು ಮಾಡಿದ್ದು ಸರಿ. ವೇಗದ ಜೊತೆ ಏರುವ ಘರ್ಷಣೆಗೂ ಸರಿ. ಆದರೆ ಒಣ ಘರ್ಷಣೆ, ಅಂದರೆ ಕೂಲಂಬ್ ಘರ್ಷಣೆಯನ್ನು N ಇಂದ ಒಂದೇ ಸಲ ಭಾಗಿಸಬೇಕು. ಎರಡು ಸಲ ಭಾಗಿಸಿದ್ದರಿಂದ ನಿಮ್ಮ ಮಾಡೆಲ್‌ನಲ್ಲಿ ಅದು 20 ಪಟ್ಟು ಕಮ್ಮಿಯಾಗಿ ಕೂತಿದೆ. ಗೇರ್‌ಬಾಕ್ಸ್ ಒಳಗಿನ ಘರ್ಷಣೆಯನ್ನೂ ನೀವು ಬಿಟ್ಟಿರಬಹುದು ಅಂತ ನನಗೆ ಅನುಮಾನ.

ನಾನಿರುವುದು ಗಂಗಾವತಿಯಲ್ಲಿ. ರೈಸ್ ಮಿಲ್‌ಗಳಿಗೆ ಪ್ಯಾಕಿಂಗ್ ಮಷೀನ್ ಕೂರಿಸುವ ಕೆಲಸ. ಒಂದು ಮಿಲ್‌ನಲ್ಲಿ ನಿಮ್ಮದೇ ತರದ ಟೇಬಲ್ ಇತ್ತು, ಗೇರ್‌ಬಾಕ್ಸೂ 20:1. ಅದರ ಲೆಕ್ಕವನ್ನೇ ಇಲ್ಲಿ ಬಿಡಿಸಿ ತೋರಿಸುತ್ತೇನೆ. ಅದಕ್ಕೂ ಮುಂಚೆ N² ಎಲ್ಲಿಂದ ಬರುತ್ತದೆ ಅಂತ ನೋಡಿಬಿಡೋಣ. ಅದು ಗೊತ್ತಾದರೆ ಸೂತ್ರ ಬಾಯಿಪಾಠ ಮಾಡಬೇಕಾಗಿಲ್ಲ.

ಮೋಟರ್ 20 ಸುತ್ತು ತಿರುಗಿದರೆ ಟೇಬಲ್ ಒಂದು ಸುತ್ತು. ಹಾಗಾಗಿ ಮೋಟರ್ ಎಷ್ಟು ವೇಗ ಹೆಚ್ಚಿಸಿಕೊಂಡರೂ ಟೇಬಲ್‌ಗೆ ಸಿಗುವುದು ಅದರ 20ನೇ ಒಂದು ಭಾಗ. ಇನರ್ಷಿಯಾ ಕೇಳುವ ಟಾರ್ಕ್ ವೇಗ ಏರುವ ದರದ ಮೇಲೆ ನಿಂತಿದೆ, ಹಾಗಾಗಿ ಆ ಟಾರ್ಕ್ ಅಲ್ಲೇ ಒಂದು ಸಲ 20 ಪಟ್ಟು ಇಳಿಯಿತು. ಆಮೇಲೆ ಆ ಟಾರ್ಕ್ ಗೇರ್ ದಾಟಿ ಮೋಟರ್ ಕಡೆ ಬರುವಾಗ ಮತ್ತೆ 20 ಪಟ್ಟು ಇಳಿಯುತ್ತದೆ. ಎರಡು ಸೇರಿ 400. ವೇಗದ ಜೊತೆ ಏರುವ ಘರ್ಷಣೆಯ ಕಥೆಯೂ ಇಷ್ಟೇ. ಟೇಬಲ್ ನಿಧಾನ ತಿರುಗುವುದಕ್ಕೆ ಒಂದು ಸಲ, ಟಾರ್ಕ್ ಗೇರ್ ದಾಟುವುದಕ್ಕೆ ಇನ್ನೊಂದು ಸಲ.

ಒಣ ಘರ್ಷಣೆ ಹಾಗಲ್ಲ. ಸೀಲ್ ಉಜ್ಜುತ್ತಿದೆ ಅಂದರೆ ಅದಕ್ಕೆ ಟೇಬಲ್ ನಿಧಾನ ತಿರುಗುತ್ತಿದೆಯಾ, ಜೋರಾಗಿ ತಿರುಗುತ್ತಿದೆಯಾ ಅನ್ನುವುದು ಬೇಕಿಲ್ಲ. ಎರಡಕ್ಕೂ ಅಷ್ಟೇ ಟಾರ್ಕ್ ಕೇಳುತ್ತದೆ. ಹಾಗಾಗಿ ಮೊದಲನೇ ಭಾಗಾಕಾರ ಇಲ್ಲಿ ನಡೆಯುವುದೇ ಇಲ್ಲ. ಗೇರ್ ದಾಟುವಾಗಿನ ಒಂದೇ ಭಾಗಾಕಾರ ಉಳಿಯುತ್ತದೆ.

ಈಗ ಆ ಮಿಲ್‌ನ ಟೇಬಲ್. ಅರ್ಧ ಮೀಟರ್ ಅಗಲದ, 12 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪ್ಲೇಟು. ತೂಕ ಸುಮಾರು 6.4 ಕೆಜಿ. ಅದರ ಮೇಲೆ ನಾಲ್ಕು ಜಾಗದಲ್ಲಿ ಒಂದೊಂದು ಕೆಜಿಯ ಸೋನಾ ಮಸೂರಿ ಪ್ಯಾಕೆಟ್, ನಡುವಿನಿಂದ 20 ಸೆಂ.ಮೀ. ದೂರದಲ್ಲಿ. ಪ್ಲೇಟಿನದು 0.2, ಪ್ಯಾಕೆಟ್‌ಗಳದು 0.16, ಒಟ್ಟು ಇನರ್ಷಿಯಾ 0.36 ಕೆಜಿ-ಮೀ². 400 ರಿಂದ ಭಾಗಿಸಿದರೆ 0.0009. ಮೋಟರ್ ರೋಟರ್ ಮತ್ತು ಗೇರ್‌ಬಾಕ್ಸಿನ ಒಳಗಿನದು ಸೇರಿ 0.00005. ಗೇರ್‌ಬಾಕ್ಸ್ ಕ್ಯಾಟಲಾಗ್‌ನಲ್ಲಿ ಇನರ್ಷಿಯಾವನ್ನು ಸಾಮಾನ್ಯವಾಗಿ ಇನ್‌ಪುಟ್ ಶಾಫ್ಟ್ ಕಡೆಗೇ ಲೆಕ್ಕ ಹಾಕಿ ಕೊಟ್ಟಿರುತ್ತಾರೆ. ಅದನ್ನು ಮತ್ತೆ ಭಾಗಿಸಬೇಡಿ. ಒಟ್ಟು 0.00095.

ಘರ್ಷಣೆ ಅಳೆಯುವುದಕ್ಕೆ ದುಬಾರಿ ಸಾಮಾನು ಬೇಕಿಲ್ಲ. ನಾನು ಗೇರ್‌ಬಾಕ್ಸ್ ಕಪ್ಲಿಂಗ್ ಬಿಚ್ಚಿ, ಟೇಬಲ್ ಅಂಚಿಗೆ ದಾರ ಸುತ್ತಿ, ಅದರ ತುದಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಮೆಲ್ಲಗೆ ಎಳೆದೆ. ಮುಳ್ಳು ಮೂರು ಕೆಜಿ ದಾಟಿತು, ಟೇಬಲ್ ಅಲ್ಲಾಡಲಿಲ್ಲ. ಇನ್ನೊಂದು ಚೂರು ಎಳೆದಾಗ ಟಕ್ ಅಂತ ಬಿಟ್ಟುಕೊಂಡಿತು. ಆಮೇಲೆ ಒಂದೇ ಸಮ ಎಳೆಯುತ್ತಾ ಹೋದರೆ ಮುಳ್ಳು ಸುಮಾರು ಎರಡೂವರೆ ಕೆಜಿಯಲ್ಲಿ ನಿಂತಿತು. ಲೆಕ್ಕಕ್ಕೆ ಬೇಕಾದದ್ದು ಈ ಎರಡನೇ ಸಂಖ್ಯೆ. ಎರಡೂವರೆ ಕೆಜಿ ಅಂದರೆ ಹತ್ತಿರ ಹತ್ತಿರ 24 ನ್ಯೂಟನ್, ಅಂಚಿನ ದೂರ 0.25 ಮೀಟರ್, ಹಾಗಾಗಿ 6 ನ್ಯೂಟನ್-ಮೀಟರ್. ಮೋಟರ್ ಕಡೆಗೆ ತಂದರೆ 6/20, ಅಂದರೆ 0.3. ನಿಮ್ಮ ತರ 400 ರಿಂದ ಭಾಗಿಸಿದ್ದರೆ 0.015 ಬರುತ್ತಿತ್ತು. ಅಷ್ಟು ಚಿಕ್ಕ ಸಂಖ್ಯೆ ನೋಡಿದರೆ ಯಾರಿಗಾದರೂ "ಘರ್ಷಣೆ ಇಲ್ಲವೇ ಇಲ್ಲ ಬಿಡು" ಅನ್ನಿಸುತ್ತೆ, ಅಲ್ವಾ?

ಇದಕ್ಕೆ ಗೇರ್‌ಬಾಕ್ಸಿನ ಸ್ವಂತ ಘರ್ಷಣೆ ಸೇರಿಸಬೇಕು. ಟೇಬಲ್ ಬಿಚ್ಚಿಟ್ಟು ಬರೀ ಮೋಟರ್ ಮತ್ತು ಗೇರ್‌ಬಾಕ್ಸ್ ನಿಧಾನವಾಗಿ ಓಡಿಸಿದಾಗ ಡ್ರೈವ್ 0.1 ನ್ಯೂಟನ್-ಮೀಟರ್ ತೋರಿಸಿತು. ಇದನ್ನು ಅಳೆದದ್ದೇ ಮೋಟರ್ ಕಡೆಯಿಂದ, ಹಾಗಾಗಿ ಯಾವುದರಿಂದಲೂ ಭಾಗಿಸುವ ಹಾಗಿಲ್ಲ. ಕೆಲವರು ಇದರ ಜೊತೆಗೆ ಕ್ಯಾಟಲಾಗ್‌ನ ದಕ್ಷತೆ 90 ಪರ್ಸೆಂಟನ್ನೂ ಹಾಕುತ್ತಾರೆ. ಆಗ ಅದೇ ನಷ್ಟದ ಒಂದು ಪಾಲು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಕ್ಯಾಟಲಾಗ್‌ನ ಆ ಸಂಖ್ಯೆ ಪೂರ್ತಿ ಲೋಡಿನದು. ನಮ್ಮಂಥ ಹಗುರ ಲೋಡಿಗೆ ಅಳೆದ ಸಂಖ್ಯೆಯನ್ನೇ ನಾನು ನಂಬುತ್ತೇನೆ.

ಹೀಗೆ ಬಂದ ಮಾಡೆಲ್ ಇಷ್ಟೇ:

```
J  = Jm + Jg + JL/N^2
B  = Bm + BL/N^2
Tc = Tg + TcL/N
J*dw/dt = Tm - B*w - Tc*sign(w)
```

ಇಲ್ಲಿ `J` ಇನರ್ಷಿಯಾ, `B` ವೇಗದ ಜೊತೆ ಏರುವ ಘರ್ಷಣೆ, `Tc` ಒಣ ಘರ್ಷಣೆ, `Tm` ಮೋಟರ್ ಟಾರ್ಕ್, `w` ಮೋಟರ್ ವೇಗ, `Tg` ಗೇರ್‌ಬಾಕ್ಸಿನ ಆ 0.1. ಹೆಸರಿನ ಕೊನೆಯ `L` ಅಂದರೆ ಟೇಬಲ್ ಕಡೆಯದು. `B` ಮಾತ್ರ ಇನ್ನೂ ಗೊತ್ತಿಲ್ಲ. ಅದಕ್ಕೆ ಟೇಬಲ್ ಮತ್ತೆ ಜೋಡಿಸಿ, ಒಂದೇ ವೇಗದಲ್ಲಿ ಪೂರ್ತಿ ಸುತ್ತು ಓಡಿಸಿ ಸರಾಸರಿ ಟಾರ್ಕ್ ಬರೆದುಕೊಂಡೆ. ವೇಗ ಬದಲಾಗದಿದ್ದರೆ ಇನರ್ಷಿಯಾ ಏನೂ ಕೇಳುವುದಿಲ್ಲ, ಕಾಣುವುದೆಲ್ಲಾ ಘರ್ಷಣೆಯೇ. ನಮ್ಮ ಮೋಟರ್ 400 ವ್ಯಾಟಿನದು, ರೇಟೆಡ್ ಟಾರ್ಕ್ 1.27. ಡ್ರೈವ್ ಅದರ ಪರ್ಸೆಂಟ್ ತೋರಿಸುತ್ತದೆ. ಮೋಟರ್ 300 ಆರ್‌ಪಿಎಂ ಇದ್ದಾಗ 34, 600 ರಲ್ಲಿ 36, 1200 ರಲ್ಲಿ 41 ಬಂತು. ಮೂರೂ ಚುಕ್ಕಿ ಇಟ್ಟು ಗೆರೆ ಎಳೆದರೆ ಸೊನ್ನೆ ವೇಗದಲ್ಲಿ ಅದು 31ರ ಮೇಲೆ ಬಂದು ನಿಲ್ಲುತ್ತದೆ. ಅಂದರೆ 0.4. ತಕ್ಕಡಿಯ 0.3, ಗೇರ್‌ಬಾಕ್ಸಿನ 0.1, ಎರಡೂ ಸೇರಿದ ಮೊತ್ತವೇ. ಎರಡು ಬೇರೆ ಬೇರೆ ದಾರಿಯಲ್ಲಿ ಹೋಗಿ ಒಂದೇ ಸಂಖ್ಯೆ ಸಿಕ್ಕಿದ ಮೇಲೆ ನನಗೆ ಧೈರ್ಯ ಬಂತು. ಗೆರೆಯ ಇಳಿಜಾರಿನಿಂದ `B` ಸುಮಾರು 0.001 ಬಂತು.

ನೀವು ಮೊದಲು ಮಾಡಬೇಕಾದದ್ದೂ ಈ ಪರೀಕ್ಷೆಯನ್ನೇ. ನಿಮ್ಮ ಈಗಿನ ಮಾಡೆಲ್ ನಿಧಾನ ವೇಗದಲ್ಲಿ ಒಂದೆರಡು ಪರ್ಸೆಂಟ್ ಹೇಳುತ್ತದೆ. ಡ್ರೈವ್ ಮೂವತ್ತು ತೋರಿಸಿದರೆ ತಪ್ಪು ಎಲ್ಲಿದೆ ಅಂತ ಅಲ್ಲೇ ಸಿಕ್ಕಿತು.

ಇನ್ನು ಓಟದ ಲೆಕ್ಕ. ಟೇಬಲ್ ಅರ್ಧ ಸೆಕೆಂಡಿನಲ್ಲಿ 90 ಡಿಗ್ರಿ ತಿರುಗಬೇಕು. ಅರ್ಧ ಹೊತ್ತು ವೇಗ ಏರುತ್ತದೆ, ಅರ್ಧ ಹೊತ್ತು ಇಳಿಯುತ್ತದೆ. ನಡುವೆ ಮೋಟರ್ 1200 ಆರ್‌ಪಿಎಂ ಮುಟ್ಟುತ್ತದೆ. ಇನರ್ಷಿಯಾಗೆ ಬೇಕಾದದ್ದು 0.48 ನ್ಯೂಟನ್-ಮೀಟರ್. ಆ ತುದಿಯಲ್ಲಿ ಒಣ ಘರ್ಷಣೆಯ 0.4, ವೇಗದ ಘರ್ಷಣೆಯ 0.13 ಸೇರಿಸಿದರೆ ಹೆಚ್ಚು ಕಮ್ಮಿ 1. ಎಲ್ಲವನ್ನೂ N² ಇಂದ ಭಾಗಿಸಿ, ಗೇರ್‌ಬಾಕ್ಸನ್ನೂ ಬಿಟ್ಟರೆ 0.62 ಮಾತ್ರ ಬರುತ್ತದೆ.

ವೇಗ ಇಳಿಯುವ ಭಾಗ ಇನ್ನೂ ಚೆನ್ನಾಗಿ ಕಥೆ ಹೇಳುತ್ತದೆ. ಇಳಿಯಲು ಶುರುವಾಗುವ ಗಳಿಗೆಯಲ್ಲಿ ಇನರ್ಷಿಯಾದ 0.48 ಮೈನಸ್ ಆಗುತ್ತದೆ, ಘರ್ಷಣೆಯ 0.53 ಪ್ಲಸ್ಸಾಗೇ ಇರುತ್ತದೆ. ಉಳಿಯುವುದು 0.05. ಅಂದರೆ ಟೇಬಲ್‌ಗೆ ಬ್ರೇಕ್ ಹಾಕುತ್ತಿರುವುದು ಮೋಟರ್ ಅಲ್ಲ, ಘರ್ಷಣೆಯೇ. ತಪ್ಪು ಮಾಡೆಲ್ ಇದೇ ಜಾಗದಲ್ಲಿ ಮೋಟರ್ 0.34 ಹಿಂದಕ್ಕೆ ಎಳೆಯಬೇಕು ಅನ್ನುತ್ತದೆ. ಡ್ರೈವಿನ ಗ್ರಾಫ್ ತೆಗೆದು, ಏರುವಾಗ ಮತ್ತು ಇಳಿಯುವಾಗ ಒಂದೇ ವೇಗದಲ್ಲಿರುವ ಎರಡು ಟಾರ್ಕ್ ಓದಿಕೊಳ್ಳಿ. ಎರಡರ ವ್ಯತ್ಯಾಸದ ಅರ್ಧ ಇನರ್ಷಿಯಾದ್ದು, ಮೊತ್ತದ ಅರ್ಧ ಘರ್ಷಣೆಯದು. ಯಾವುದು ತಪ್ಪಿದೆ ಅಂತ ಊಹೆ ಮಾಡಬೇಕಾಗಿಲ್ಲ.

ಸಿಮ್ಯುಲೇಶನ್‌ನಲ್ಲಿ `sign(w)` ಹಾಗೇ ಇಟ್ಟರೆ ವೇಗ ಸೊನ್ನೆಗೆ ಬಂದಾಗ ಪ್ಲಸ್ಸು ಮೈನಸ್ಸು ಅಂತ ಹೊಡೆದಾಡಿ ಲೆಕ್ಕ ಮುಂದೆ ಹೋಗುವುದಿಲ್ಲ. ನಾನು `tanh(w/w0)` ಹಾಕುತ್ತೇನೆ, `w0` ಗೆ 1 rad/s ಸಾಕು. ಆದರೆ ಇದು ನಿಂತ ಟೇಬಲನ್ನು ಹಿಡಿದಿಡುವುದಿಲ್ಲ. ಚೂರು ಟಾರ್ಕ್ ಇದ್ದರೂ ಮೆಲ್ಲಗೆ ಜಾರುತ್ತಿರುತ್ತದೆ. ತಕ್ಕಡಿಯಲ್ಲಿ ಕಂಡ ಆ ಮೂರು ಕೆಜಿಯ ಹಿಡಿತವೂ ಇದರಲ್ಲಿ ಬರುವುದಿಲ್ಲ.

ಘರ್ಷಣೆ ಸರಿಯಾಗಿ ಇಟ್ಟುಕೊಂಡಿದ್ದು ಮುಂದೆ ನಮಗೆ ಉಪಯೋಗಕ್ಕೆ ಬಂತು. ಎರಡು ತಿಂಗಳಾದ ಮೇಲೆ ಮಿಲ್‌ನವರು "ಟೇಬಲ್ ಯಾಕೋ ಜಡ ಆಗ್ಯಾದ" ಅಂತ ಫೋನ್ ಮಾಡಿದರು. ಹೋಗಿ ನಿಧಾನ ವೇಗದಲ್ಲಿ ಓಡಿಸಿದರೆ 31ರ ಬದಲು 46 ಪರ್ಸೆಂಟ್. ಮೋಟರ್ ಕಡೆ ಹೆಚ್ಚಾದದ್ದು 0.19, ಟೇಬಲ್ ಕಡೆ ಅಂದರೆ ಅದರ 20 ಪಟ್ಟು, ಹತ್ತಿರ ಹತ್ತಿರ 4 ನ್ಯೂಟನ್-ಮೀಟರ್. ಗೇರ್‌ಬಾಕ್ಸ್ ಬೇರೆ ಮಾಡಿ ಓಡಿಸಿದರೆ ಅದೇ ಹಳೇ 0.1. ಹಾಗಾಗಿ ಟೇಬಲ್ ಕೆಳಗಿನ ಫೆಲ್ಟ್ ಸೀಲ್ ಬಿಚ್ಚಿದೆವು. ತೌಡಿನ ಪುಡಿ ಗ್ರೀಸ್ ಜೊತೆ ಕಲಸಿಕೊಂಡು ಕಣಕದ ಹಿಟ್ಟಿನ ತರ ಗಟ್ಟಿಯಾಗಿತ್ತು. ತೊಳೆದು ಹೊಸ ಫೆಲ್ಟ್ ಹಾಕಿದ ಮೇಲೆ ಮತ್ತೆ 31ಕ್ಕೆ ಬಂತು. N² ಲೆಕ್ಕದಲ್ಲಿ ಈ ಬದಲಾವಣೆ 0.01 ಅಷ್ಟೇ ಕಾಣುತ್ತಿತ್ತು. ಸೀಲ್ ಕಡೆ ತಿರುಗಿ ನೋಡುತ್ತಲೇ ಇರಲಿಲ್ಲ, ಸುಮ್ನೆ ಮೋಟರ್ ಬದಲಾಯಿಸುತ್ತಿದ್ದೆವು.

ಮಾಡೆಲ್ ಸರಿಯಾದ ಮೇಲೂ ಒಂದು ಕಡೆ ಹುಷಾರಾಗಿರಿ. ಈ ಸಮೀಕರಣ ಗೇರ್ ಹಲ್ಲುಗಳು ಸದಾ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ ಅಂತ ನಂಬಿದೆ. ಟೇಬಲ್ ನಿಂತಾಗ ಹಲ್ಲುಗಳ ನಡುವಿನ ಸಂದಿಯಲ್ಲಿ ಮೋಟರ್ ಒಂಟಿಯಾಗಿ ಅಲ್ಲಾಡಬಹುದು. ಆಗ ಅದಕ್ಕೆ ಕಾಣುವ ಇನರ್ಷಿಯಾ 0.00095 ಅಲ್ಲ, ತನ್ನದೇ 0.00005. ಹತ್ತೊಂಬತ್ತು ಪಟ್ಟು ಹಗುರ. ಪೂರ್ತಿ ಲೋಡಿಗೆ ಅಂತ ಇಟ್ಟ ಗೇನ್ ಆ ಗಳಿಗೆಗೆ ತುಂಬಾ ಜಾಸ್ತಿಯಾಗಿ, ನಿಂತ ಟೇಬಲ್ ಕೆಳಗೆ ಗುಂಯ್ ಅಂತ ಸದ್ದು ಶುರುವಾಗುತ್ತದೆ. ಮುಟ್ಟಿದರೆ ಗೇರ್‌ಬಾಕ್ಸ್ ಮೈ ನಡುಗುತ್ತಿರುತ್ತದೆ, ಟೇಬಲ್ ಮಾತ್ರ ಅಲ್ಲಾಡಿರುವುದಿಲ್ಲ. ನಿಮ್ಮಲ್ಲೂ ಹೀಗಾದರೆ ಘರ್ಷಣೆಯ ಸಂಖ್ಯೆ ತಿದ್ದಲು ಹೋಗಬೇಡಿ, ವೇಗದ ಲೂಪಿನ ಗೇನ್ ಇಳಿಸಿ ನೋಡಿ.