ಮೊದಲ ಸಾಲಲ್ಲೇ ನಿಂತುಹೋದ ಮೇಲ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಕೆಲಸ ಹುಡುಕುತ್ತಿದ್ದ ಯುವತಿಯೊಬ್ಬರು ಸಲಹೆ ಕೇಳಲು ನನ್ನ ಬಳಿ ಬಂದಿದ್ದರು. ಅರ್ಜಿಯ ಮೇಲ್ ಪೂರ್ತಿ ಸಿದ್ಧವಾಗಿತ್ತು, ಮೊದಲ ಸಾಲು ಮಾತ್ರ ಖಾಲಿ. ಜಾಹೀರಾತಿನಲ್ಲಿ ‘ಕಿರಣ್ ಎಸ್.’ ಅಂತ ಇತ್ತು, ಅಷ್ಟೇ. ಗಂಡೋ ಹೆಣ್ಣೋ ತಿಳಿಯದು, ಹುದ್ದೆಯೂ ತಿಳಿಯದು. ಹಿಂದೊಮ್ಮೆ ಹೀಗೇ ‘ಡಿಯರ್ ಸರ್’ ಎಂದು ಬರೆದಾಗ ‘ನಾನು ಸರ್ ಅಲ್ಲ’ ಎಂಬ ಒಂದೇ ಸಾಲಿನ ಉತ್ತರ ಬಂದಿತ್ತಂತೆ. ಅಂದಿನಿಂದ ಹೊಸಬರಿಗೆ ಬರೆಯಬೇಕೆಂದರೆ ಗಂಟೆಗಟ್ಟಲೆ ಅವರ ಫೋಟೊ ಹುಡುಕುತ್ತಿದ್ದರು. ಸಿಗದಿದ್ದರೆ ಮೇಲ್ ಕಳಿಸುತ್ತಲೇ ಇರಲಿಲ್ಲ.

ಈ ಹುಡುಕಾಟವೇ ಭಯವನ್ನು ಸಾಕುತ್ತಿತ್ತು. ಫೋಟೊ ಸಿಕ್ಕಾಗ ಸ್ವಲ್ಪ ಹೊತ್ತು ನಿರಾಳ. ಮುಂದಿನ ಸಲ ಅದಿಲ್ಲದೆ ಕೈಯೇ ಓಡದು. ಅಲ್ಲದೆ ಫೋಟೊ ನೋಡಿ ಸರ್, ಮೇಡಂ ಅನ್ನುವುದೂ ಊಹೆಯೇ ಅಲ್ವಾ?

ಹಾಗಾಗಿ ಒಂದು ಮಿತಿ ಹಾಕಿಕೊಂಡೆವು. ಹತ್ತು ನಿಮಿಷ ಮಾತ್ರ ಹುಡುಕಬೇಕು, ಅದೂ ಮೂರೇ ಕಡೆ: ಜಾಹೀರಾತು, ಸಂಸ್ಥೆಯ ವೆಬ್‌ಸೈಟ್, ಹಳೆಯ ಮೇಲ್ ಇದ್ದರೆ ಅದರ ಕೊನೆಯ ಸಹಿ. ಅಲ್ಲೂ ಸಿಗದಿದ್ದರೆ ಊಹಿಸಬಾರದು. ಹೆಸರು ಅಲ್ಲಿ ಹೇಗಿದೆಯೋ ಹಾಗೇ ಪೂರ್ತಿ ಬರೆದು ‘ಅವರೇ, ನಮಸ್ಕಾರ’ ಎಂದರೆ ಸಾಕು. ‘ಅವರು’ ಅನ್ನುವುದರಲ್ಲಿ ಗಂಡು, ಹೆಣ್ಣು ಎಂಬ ಭೇದವಿಲ್ಲ. ಹಿರಿಯರಿಗೂ ಸಲ್ಲುತ್ತದೆ, ಕಿರಿಯರಿಗೂ ಹೆಚ್ಚೆನಿಸುವುದಿಲ್ಲ. ಇಂಗ್ಲಿಷಿನಲ್ಲಿ ಬರೆಯುವುದಾದರೆ ಮಿಸ್ಟರ್, ಮಿಸ್ ಬಿಟ್ಟು ‘ಡಿಯರ್ ಕಿರಣ್ ಎಸ್.’ ಅನ್ನಬಹುದು. ಹೆಸರೇ ಇಲ್ಲದಿದ್ದರೆ ‘ಮಾನ್ಯರೇ’, ಇಲ್ಲವೇ ‘ನೇಮಕಾತಿ ವಿಭಾಗದವರಿಗೆ ನಮಸ್ಕಾರ’.

‘ಸರ್/ಮೇಡಂ’ ಹಾಕಿದರೆ ಆಗದೇ ಎಂದು ಕೇಳಿದರು. ತಪ್ಪೇನಿಲ್ಲ. ಆದರೆ ಹೆಸರು ಗೊತ್ತಿದ್ದೂ ಹಾಗೆ ಬರೆದರೆ ಅರ್ಜಿ ನಮೂನೆ ತುಂಬಿದ ಹಾಗೆ ಕಾಣುತ್ತದೆ. ಸಂಬೋಧನೆಯನ್ನೇ ಬಿಡುವುದು ಇನ್ನೂ ಕೆಟ್ಟದು. ಮೊದಲ ಮೇಲ್‌ನಲ್ಲಿ ಅದು ಒರಟು ಅನ್ನಿಸುತ್ತದೆ.

ಹಿರಿತನ ಗೊತ್ತಿಲ್ಲದಾಗ ‘ನೀವು’ ಇರಲಿ, ಸ್ವಲ್ಪ ಜಾಸ್ತಿಯೇ ಗೌರವದಿಂದ ಶುರುಮಾಡಿ ಎಂದೆ. ಆಮೇಲೆ ಸಲಿಗೆ ಬಂದರೆ ಇಳಿಸಬಹುದು. ಮೊದಲೇ ‘ಹಾಯ್ ಕಿರಣ್’ ಅಂದು ನಂತರ ಗೌರವ ಏರಿಸಿದರೆ ಮುಜುಗರ. ಉತ್ತರ ಬಂದಾಗ ಅದರ ಸಹಿ ನೋಡಬೇಕು. ‘ಡಾ.’ ಇದ್ದರೆ ಮುಂದೆ ಹಾಗೇ ಬರೆಯಬೇಕು.

ಇಷ್ಟಾಗಿಯೂ ತಪ್ಪಾದರೆ? ಮುಂದಿನ ಮೇಲ್‌ನ ಶುರುವಲ್ಲಿ ‘ಹಿಂದಿನ ಮೇಲ್‌ನಲ್ಲಿ ತಪ್ಪಾಗಿ ಸಂಬೋಧಿಸಿದ್ದೆ, ಕ್ಷಮಿಸಿ’ ಎಂದು ಒಂದೇ ಸಾಲು ಬರೆದು ವಿಷಯಕ್ಕೆ ಹೋಗಬೇಕು. ಉದ್ದದ ಕ್ಷಮಾಪಣೆ ಬರೆದರೆ ಎದುರಿನವರೇ ಸಮಾಧಾನ ಹೇಳಬೇಕಾಗುತ್ತದೆ.

ಮೇಲನ್ನು ಅಲ್ಲೇ ನನ್ನೆದುರೇ ಕಳಿಸಿದರು. ಬಂದ ಉತ್ತರದಲ್ಲಿ ಸಂದರ್ಶನದ ದಿನಾಂಕ ಇತ್ತು, ಕೆಳಗೆ ‘ಕಿರಣ್’ ಎಂದಷ್ಟೇ ಸಹಿ. ಗಂಡೋ ಹೆಣ್ಣೋ ಆಗಲೂ ತಿಳಿಯಲಿಲ್ಲ. ‘ಕಿರಣ್ ಅವರೇ’ ಎಂದೇ ಮರುಉತ್ತರ ಬರೆದರು.